ಹೊಸದಾಗಿ ಸೇರಿದ ಮಗಳಿಗೂ ಅವಳ ಅಪ್ಪನಿಗೂ: ನಮ್ಮ ಶಾಲೆಯ ನಿಯಮಗಳು

ನಮಸ್ಕಾರ. ನಾನು 8ನೇ ತರಗತಿಯ ಕ್ಲಾಸ್ ಟೀಚರ್. ನಿನ್ನೆ ಅಡ್ಮಿಷನ್ ಗಡಿಬಿಡಿಯಲ್ಲಿ ನಿಯಮಗಳ ಬಗ್ಗೆ ಸರಿಯಾಗಿ ಮಾತಾಡಲು ಆಗಲಿಲ್ಲ. ರಾತ್ರಿ ಊಟ ಆದ ಮೇಲೆ ಅಪ್ಪ ಮಗಳು ಇಬ್ಬರೂ ಕೂತು ಇದನ್ನು ಓದಿ.

ಅಣ್ಣಾ, ಹೊರಡುವಾಗ ನೀವು "ತಪ್ಪು ಮಾಡಿದ್ರೆ ನಾಲ್ಕು ಬಾರಿಸಿ ಮೇಡಂ, ನಾವೇನೂ ಕೇಳಲ್ಲ" ಅಂದಿರಿ. ಮಗಳು ಆಗ ತಲೆ ತಗ್ಗಿಸಿ ಬ್ಯಾಗಿನ ಜಿಪ್ ಎಳೆಯುತ್ತಾ ನಿಂತಿದ್ದಳು. ನಾವು ಹೊಡೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತೆಯೂ ಇಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಕೋಲು ಹಿಡಿಯುತ್ತಿರಲಿಲ್ಲ, ಯಾಕಂದ್ರೆ ಪೆಟ್ಟು ತಿಂದ ಮಕ್ಕಳು ತಪ್ಪು ಮುಚ್ಚಿಡುವುದನ್ನು ಬೇಗ ಕಲಿಯುತ್ತಾರೆ.

ಹಾಗಂತ ತಪ್ಪಿಗೆ ಲೆಕ್ಕ ಇಲ್ಲ ಅಂತಲ್ಲ. ಮೊದಲ ಸಲ ನಾನೇ ಪಕ್ಕಕ್ಕೆ ಕರೆದು ಕೇಳುತ್ತೇನೆ. ಎರಡನೇ ಸಲ ಏನಾಯ್ತು ಅಂತ ನೀನೇ ಡೈರಿಯಲ್ಲಿ ಬರೆದು ಮನೆಯಲ್ಲಿ ಸಹಿ ಹಾಕಿಸಿಕೊಂಡು ಬರಬೇಕು ಮಗಳೇ. ಮೂರನೇ ಸಲ ಹೆಡ್ ಮಾಸ್ಟರ್ ಮುಂದೆ ಅಪ್ಪನನ್ನೂ ಕೂರಿಸಿಕೊಂಡು ಮಾತಾಡುತ್ತೇವೆ. 8ನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಆ ಭಯ ಬೇಡ.

ಒಂದು ವಿಷಯಕ್ಕೆ ಮಾತ್ರ ಮೊದಲ ಸಲ, ಎರಡನೇ ಸಲ ಅಂತೆಲ್ಲ ಇಲ್ಲ. ಜಾತಿ ಎತ್ತಿ, ಬಣ್ಣ ಎತ್ತಿ, ಬಡತನ ಎತ್ತಿ ಯಾರನ್ನಾದರೂ ಆಡಿಕೊಂಡರೆ, ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕದಲ್ಲಾದರೂ ಕೂರಲ್ಲ ಅಂದರೆ, ಅವತ್ತೇ ಮನೆಗೆ ಫೋನ್ ಬರುತ್ತದೆ. ನಿನಗೇ ಯಾರಾದರೂ ಹಾಗೆ ಮಾಡಿದರೂ ಸುಮ್ನೆ ಇರಬೇಡ. ನನಗೆ ಹೇಳು. ಹೇಳಲು ಮುಜುಗರ ಆದರೆ ಆಫೀಸ್ ಬಾಗಿಲ ಹತ್ತಿರ ಇರುವ ದೂರು ಪೆಟ್ಟಿಗೆಗೆ ಚೀಟಿ ಹಾಕು, ಹೆಸರು ಬರೆಯಲೇಬೇಕು ಅಂತಿಲ್ಲ. ದೂರು ಶಿಕ್ಷಕರ ಮೇಲೇ ಇದ್ದರೂ ಸರಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ, ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟುಕೋ.

ಉಳಿದವು ಸಣ್ಣವು. ಪ್ರಾರ್ಥನೆ 9:45ಕ್ಕೆ. ನಿಮ್ಮೂರಿನ ಬಸ್ ಆಗಾಗ ತಡ ಮಾಡುತ್ತದೆ ಅಂತ ಗೊತ್ತು. ತಡವಾದರೆ ಗೇಟ್ ಹತ್ತಿರದ ಪುಸ್ತಕದಲ್ಲಿ ಕಾರಣ ಬರೆದು ಸೀದಾ ಕ್ಲಾಸಿಗೆ ಬಾ, ಯಾರೂ ಹೊರಗೆ ನಿಲ್ಲಿಸಲ್ಲ. ಯೂನಿಫಾರ್ಮ್ ಒಗೆದದ್ದಿದ್ದರೆ ಸಾಕು, ಇಸ್ತ್ರಿ ಆಗಿರಲೇಬೇಕು ಅಂತೇನಿಲ್ಲ. ಮೊಬೈಲ್ ತರಬೇಡ. ತಂದರೆ ಅದು ಆಫೀಸ್ ಬೀರುವಿನಲ್ಲಿರುತ್ತದೆ, ಅಪ್ಪನೇ ಬಂದು ತೆಗೆದುಕೊಂಡು ಹೋಗಬೇಕು.

ಅಣ್ಣಾ, ರಜೆ ವಿಷಯ ನಿಮಗೆ. ಜ್ವರ ಬಂದರೆ, ಊರ ಜಾತ್ರೆ ಇದ್ದರೆ ಚೀಟಿ ಕಳಿಸಿ, ಕೊಡುತ್ತೇವೆ. ಆದರೆ ಕಳೆ ಕೀಳಲು, ತಮ್ಮನನ್ನು ನೋಡಿಕೊಳ್ಳಲು ಅಂತ ಮನೆಯಲ್ಲಿ ಉಳಿಸಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು, ಆ ರೂಢಿ ಈಗಿನಿಂದಲೇ ಬೀಳಬೇಕು ಅಲ್ವಾ? ಕಷ್ಟ ಇದ್ದರೆ ಹೇಳಿ, ಏನು ಮಾಡಬಹುದು ಅಂತ ಕೂತು ನೋಡೋಣ.

ಸೋಮವಾರ ಡೈರಿಯ ಮೊದಲ ಪುಟದಲ್ಲಿ ಇಬ್ಬರೂ ಸಹಿ ಹಾಕಿ ಕಳಿಸಿ. ಯಾವುದಾದರೂ ನಿಯಮ ಸರಿಯಿಲ್ಲ ಅನ್ನಿಸಿದರೆ ಅದನ್ನೂ ಕೆಳಗೆ ಬರೆಯಿರಿ, ನಾನು ಓದುತ್ತೇನೆ.