ವರ್ಷದ ಮಧ್ಯೆ ದರ ಏರಿಸಿದ್ದಕ್ಕೆ ಆಕ್ಷೇಪಣೆ: ಹಳೆಯ ದರ ಉಳಿಸಿ, ಇಲ್ಲವೇ ಉಳಿದ ದಿನಗಳ ಹಣ ಕೊಡಿ

ಹಾಸನ
13 ಅಕ್ಟೋಬರ್ 2025

ಗ್ರಾಹಕ ಸೇವಾ ವಿಭಾಗದ ಮ್ಯಾನೇಜರ್ ಅವರಿಗೆ,
(ಗ್ರಾಹಕ ಸಂಖ್ಯೆ 20714, ಒಂದು ಕೌಂಟರ್‌ನ ವಾರ್ಷಿಕ ಪ್ಲಾನ್)

ನಮಸ್ಕಾರ.

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ನಾನು, ನನ್ನ ಹೆಂಡತಿ ಸೇರಿ ಕಾಫಿಪುಡಿ ಅಂಗಡಿ ನಡೆಸುತ್ತೇವೆ. ಮೂರು ವರ್ಷದಿಂದ ಬಿಲ್ ಹಾಕುವುದು ನಿಮ್ಮ ಸಾಫ್ಟ್‌ವೇರ್‌ನಲ್ಲೇ. ಇಲ್ಲಿಯವರೆಗೆ ಒಂದು ದೂರನ್ನೂ ಕೊಟ್ಟವನಲ್ಲ.

ಅಕ್ಟೋಬರ್ 1 ಆಯುಧಪೂಜೆ. ಬೆಳಿಗ್ಗೆ ಗ್ರೈಂಡರ್, ತಕ್ಕಡಿ, ಬಿಲ್ ಹಾಕುವ ಕಂಪ್ಯೂಟರ್ ಎಲ್ಲ ಒರೆಸಿ, ಕುಂಕುಮ ಇಟ್ಟು, ಕಂಪ್ಯೂಟರ್ ಮೇಲೆ ಸೇವಂತಿಗೆ ಇಡುತ್ತಿದ್ದೆ. ಆಗ ಫೋನ್ ಟಿಣ್ ಅಂತು. ನಿಮ್ಮ ಸಂಸ್ಥೆಯ ಹೆಸರಿಗೆ ನನ್ನ ಖಾತೆಯಿಂದ ₹1,770 ಹೋಗಿತ್ತು. ಯಾಕೆ ಅಂತ ಒಂದು ಸಾಲೂ ಇಲ್ಲ. ಪೂಜೆ ಮುಗಿಸಿ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಅಂದು, ಮರುದಿನ ಎರಡೂ ದಿನ ರಜೆ. 3ನೇ ತಾರೀಕು ನಿಮ್ಮ ಸಿಬ್ಬಂದಿ ಸಿಕ್ಕಿದರು. ವಾರ್ಷಿಕ ದರ ₹6,000ದಿಂದ ₹9,000ಕ್ಕೆ ಏರಿದೆ, ಉಳಿದ ಆರು ತಿಂಗಳ ವ್ಯತ್ಯಾಸ ₹1,500, ಅದರ ಮೇಲೆ ಜಿಎಸ್‌ಟಿ ₹270, ಒಟ್ಟು ₹1,770 ಅಂದರು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಹಣ ತೆಗೆಯುವ ಹಕ್ಕು ನಿಮಗೆ ಎಲ್ಲಿಂದ ಬಂತು ಅನ್ನುವುದೇ ನನ್ನ ಪ್ರಶ್ನೆ.

ನಿಮ್ಮದೇ ಇನ್‌ವಾಯ್ಸ್ ನನ್ನ ಮುಂದಿದೆ. ಅವಧಿ: 1 ಏಪ್ರಿಲ್ 2025ರಿಂದ 31 ಮಾರ್ಚ್ 2026. ಮೊತ್ತ: ₹6,000, ಜಿಎಸ್‌ಟಿ ಶೇ. 18 ಸೇರಿ ₹7,080. ಪೂರ್ತಿ ಪಾವತಿಯಾಗಿದೆ. ಅಂದರೆ ಹನ್ನೆರಡು ತಿಂಗಳಿಗೆ ನೀವು ಬೆಲೆ ಹೇಳಿದಿರಿ, ನಾನು ಒಂದೇ ಸಲಕ್ಕೆ ಕೊಟ್ಟೆ. ಕೊಟ್ಟು ಮುಗಿದ ವ್ಯಾಪಾರಕ್ಕೆ ಆರು ತಿಂಗಳ ಮೇಲೆ ಹೊಸ ಬೆಲೆ ಹೇಗೆ ಹತ್ತುತ್ತೆ?

ನಿಮ್ಮ ಸಿಬ್ಬಂದಿ ಮೂರು ಉತ್ತರ ಕೊಟ್ಟರು. ಮೊದಲನೆಯದು, ‘ದರ ಯಾವಾಗ ಬೇಕಾದರೂ ಬದಲಾಗಬಹುದು ಅಂತ ಷರತ್ತಿನಲ್ಲಿದೆ ಸರ್.’ ಇರಬಹುದು. ಮುಂದಿನ ಏಪ್ರಿಲ್‌ನಲ್ಲಿ ನವೀಕರಿಸುವಾಗ ಬದಲಾಯಿಸಿ, ನನ್ನ ತಕರಾರಿಲ್ಲ. ಆಗ ಬೇಕಾದರೆ ಉಳಿಯುತ್ತೇನೆ, ಬೇಡವಾದರೆ ಬಿಡುತ್ತೇನೆ. ಆದರೆ ದುಡ್ಡು ಕಟ್ಟಿಸಿಕೊಂಡ ಅವಧಿಯ ಒಳಗೇ ಏರಿಸಬಹುದು ಅಂತ ಆ ಷರತ್ತಿಗೆ ಅರ್ಥ ಹಚ್ಚಿದರೆ, ಇನ್‌ವಾಯ್ಸ್‌ನಲ್ಲಿ ಅವಧಿ ಬರೆದು ಪ್ರಯೋಜನವೇನು?

ಎರಡನೆಯದು, ಆ್ಯಪ್‌ನಲ್ಲಿ ಬ್ಯಾನರ್ ಹಾಕಿದ್ದರಂತೆ. ಅದು ನನಗೆ ಕಂಡದ್ದು 3ನೇ ತಾರೀಕು, ಹಣ ಹೋಗಿ ಎರಡು ದಿನದ ಮೇಲೆ. ಇಮೇಲ್ ಬಂದಿಲ್ಲ, ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿದ್ದೇನೆ. ಎಸ್‌ಎಂಎಸ್ ಇಲ್ಲ, ಫೋನ್ ಇಲ್ಲ. ಹಣ ಕಡಿತವಾಗುವ ಹಿಂದಿನ ದಿನ ಬ್ಯಾಂಕಿನಿಂದ ಒಂದು ಮೆಸೇಜ್ ಬಂದಿದ್ದು ನಿಜ, ಆಮೇಲೆ ಹುಡುಕಿದಾಗ ಸಿಕ್ಕಿತು. ಅದರಲ್ಲಿ ಇರುವುದು ನಿಮ್ಮ ಹೆಸರು, ಮೊತ್ತ, ತಾರೀಕು ಅಷ್ಟೇ. ಅದು ಬ್ಯಾಂಕ್ ತನ್ನ ಕರ್ತವ್ಯ ಮಾಡಿದ್ದು. ದಯವಿಟ್ಟು ಅದನ್ನು ನಿಮ್ಮ ನೋಟಿಸ್ ಅನ್ನಬೇಡಿ.

ಮೂರನೆಯದನ್ನು ಕೇಳಿ ನಿಜವಾಗಲೂ ಬೇಜಾರಾಯಿತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವಲ್ಲ, ಅದನ್ನೆಲ್ಲ ಅಳವಡಿಸಲು ಖರ್ಚಾಯಿತಂತೆ. ತೆರಿಗೆ ಬದಲಾದಾಗ ಬಿಲ್‌ನಲ್ಲಿ ಸರಿಯಾಗಿ ಬರಲಿ ಅಂತಲೇ ಅಲ್ವಾ ನಾವು ವರ್ಷದ ದುಡ್ಡು ಕಟ್ಟುವುದು? ಇಲ್ಲದಿದ್ದರೆ ಬಿಲ್ ಪುಸ್ತಕ, ಕಾರ್ಬನ್ ಹಾಳೆ ಸಾಕಾಗಿತ್ತು.

ಆಟೋಪೇ ವಿಷಯವನ್ನೂ ಹೇಳಬೇಕು. ನಾನು ಅನುಮತಿ ಕೊಟ್ಟದ್ದು ಮುಂದಿನ ವರ್ಷದ ನವೀಕರಣಕ್ಕೆ. ಮಿತಿ ₹10,000 ಅಂತ ಇಡಿ ಎಂದವರು ನಿಮ್ಮವರೇ, ‘ಸುಮ್ನೆ ಒಂದು ಮಿತಿ ಸರ್’ ಅಂದಿದ್ದರು. ಆ ಮಿತಿಯ ಒಳಗೆ ಬಂತು ಅನ್ನುವ ಒಂದೇ ಕಾರಣಕ್ಕೆ ಪಿನ್ ಕೇಳದೆ ಹಣ ಹೊರಟುಹೋಯಿತು. ಅಂಗಡಿ ಬೀಗದ ಕೈ ಪಕ್ಕದವರ ಹತ್ತಿರ ಕೊಟ್ಟಿದ್ದರೆ, ಗಲ್ಲಾಪೆಟ್ಟಿಗೆಗೆ ಕೈ ಹಾಕಿ ಅಂತ ಅರ್ಥವಲ್ಲ. ಅಕ್ಟೋಬರ್ 4ರಂದು ಆಟೋಪೇ ರದ್ದು ಮಾಡಿದ್ದೇನೆ. ಇನ್ನು ಏನಿದ್ದರೂ ಕೇಳಿ, ನೋಡಿ ಕೊಡುತ್ತೇನೆ.

ಬೆಲೆ ಏರಿಸುವುದೇ ತಪ್ಪು ಅನ್ನುವವನಲ್ಲ ನಾನು. ಕಾಫಿ ಬೀಜದ ರೇಟು ಈ ಎರಡು ವರ್ಷದಲ್ಲಿ ಹೇಗೆ ಜಿಗಿಯಿತು ಅಂತ ಹಾಸನ, ಸಕಲೇಶಪುರದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಪುಡಿ ಬೆಲೆ ಏರಿಸಿದ್ದೇನೆ. ಏರಿಸುವ ಮೊದಲು ‘ಬರುವ ತಿಂಗಳಿಂದ ಕಾಲು ಕೆ.ಜಿ.ಗೆ ₹15 ಜಾಸ್ತಿ’ ಅಂತ ಬೋರ್ಡ್ ಬರೆದು ಬಾಗಿಲಲ್ಲಿ ಇಟ್ಟೆ. ಎರಡು ಹೋಟೆಲಿನವರು ತಿಂಗಳ ದುಡ್ಡು ಮುಂಗಡ ಕೊಟ್ಟು ವಾರಕ್ಕೊಮ್ಮೆ ಪುಡಿ ಒಯ್ಯುತ್ತಾರೆ. ಮಧ್ಯದಲ್ಲಿ ಬೀಜದ ರೇಟು ಏರಿದಾಗಲೂ ಆ ತಿಂಗಳು ಮುಗಿಯುವವರೆಗೆ ಹಳೆಯ ರೇಟಿಗೇ ಕೊಟ್ಟೆ, ಅದೇ 80:20 ಪುಡಿ. ನಷ್ಟ ಸರಿದೂಗಿಸಲು ಚಿಕೋರಿ ಒಂದು ಹಿಡಿ ಜಾಸ್ತಿ ಹಾಕಿದ್ದರೆ ಮರುದಿನವೇ ಲೋಟ ಹಿಡಿದು ಬರುತ್ತಿದ್ದರು.

ನನ್ನ ಬೇಡಿಕೆ ಇಷ್ಟು. ₹1,770 ವಾಪಸ್ ಮಾಡಿ, 31 ಮಾರ್ಚ್ 2026ರವರೆಗೆ ಹಳೆಯ ದರದಲ್ಲೇ ಸೇವೆ ಮುಂದುವರಿಸುತ್ತೇವೆ ಅಂತ ಬರೆದು ತಿಳಿಸಿ. ಹೆಚ್ಚುವರಿ ಹಣಕ್ಕೆ ನೀವು ಇನ್ನೂ ಇನ್‌ವಾಯ್ಸ್ ಕೂಡ ಕಳಿಸಿಲ್ಲ. ನಿಮ್ಮ ಲೆಕ್ಕದಲ್ಲಿ ಇನ್‌ವಾಯ್ಸ್ ಆಗಿದ್ದರೆ ಅದರ ಪ್ರತಿ ಮತ್ತು ಕ್ರೆಡಿಟ್ ನೋಟ್ ಎರಡನ್ನೂ ಕಳಿಸಿ. ನಮ್ಮ ಆಡಿಟರ್ ಕೇಳುತ್ತಾರೆ.

ಹಳೆಯ ದರ ಸಾಧ್ಯವೇ ಇಲ್ಲ ಅನ್ನುವುದಾದರೆ ಅಕ್ಟೋಬರ್ 31ಕ್ಕೆ ನನ್ನ ಪ್ಲಾನ್ ಮುಗಿಸಿ. ನವೆಂಬರ್ 1ರಿಂದ ಮಾರ್ಚ್ 31ಕ್ಕೆ 151 ದಿನ ಉಳಿಯುತ್ತದೆ. ₹7,080ನ್ನು 365ರಿಂದ ಭಾಗಿಸಿ 151ರಿಂದ ಗುಣಿಸಿದರೆ ₹2,929. ಇದರ ಜೊತೆ ₹1,770. ಒಟ್ಟು ₹4,699 ನನ್ನ ಖಾತೆಗೆ ಬರಬೇಕು. ರದ್ದತಿ ಶುಲ್ಕ ಅಂತ ಏನನ್ನೂ ಹಿಡಿಯಬೇಡಿ, ಮಾತು ಮುರಿದವನು ನಾನಲ್ಲ. ಹಳೆಯ ಬಿಲ್‌ಗಳು, ಸ್ಟಾಕ್ ಪಟ್ಟಿ, ಗ್ರಾಹಕರ ಬಾಕಿ ಲೆಕ್ಕ ಎಲ್ಲವನ್ನೂ ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಲು ಬಿಡಿ. ಜಿಎಸ್‌ಟಿಗೆ ಅವನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಕು.

ಇನ್ನೊಂದು ಮಾತು. ಈಗ ಹಾಸನಾಂಬೆ ದರ್ಶನದ ದಿನಗಳು, ಬೆನ್ನಿಗೇ ದೀಪಾವಳಿ. ಊರಿಗೆ ಊರೇ ತುಂಬಿದೆ, ದರ್ಶನ ಮುಗಿಸಿ ಬಂದವರು ಊರಿಗೆ ಒಯ್ಯಲು ಅರ್ಧರ್ಧ ಕೆ.ಜಿ. ಪುಡಿ ಕೇಳುತ್ತಾರೆ. ಈ ಜಗಳ ಇತ್ಯರ್ಥವಾಗುವ ಮೊದಲು ನನ್ನ ಲಾಗಿನ್ ನಿಲ್ಲಿಸಬೇಡಿ. ನಿಲ್ಲಿಸಿದರೆ ಆಗುವ ನಷ್ಟವನ್ನೂ ನಿಮ್ಮಲ್ಲೇ ಕೇಳುತ್ತೇನೆ.

ಅಕ್ಟೋಬರ್ 28ರೊಳಗೆ ಬರಹದಲ್ಲಿ ಉತ್ತರ ಕೊಡಿ. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ನಾನಿರುವ ಊರಿನಲ್ಲೇ ದೂರು ಹಾಕಬಹುದು, ₹5 ಲಕ್ಷದೊಳಗಿನ ವಿಷಯಕ್ಕೆ ಶುಲ್ಕವೂ ಇಲ್ಲ. ‘ನೀವು ವ್ಯಾಪಾರಿ, ಗ್ರಾಹಕ ಅಲ್ಲ’ ಅನ್ನುವ ಮಾತು ಬರಬಹುದು. ಸ್ವಂತ ದುಡಿಮೆಯಲ್ಲಿ ಜೀವನ ಸಾಗಿಸಲು ಕೊಂಡವನೂ ಗ್ರಾಹಕನೇ ಅಂತ ಅದೇ ಕಾಯ್ದೆಯ ವಿವರಣೆಯಲ್ಲಿದೆ. ನಮ್ಮ ಅಂಗಡಿಯಲ್ಲಿ ಇರುವವರು ಇಬ್ಬರೇ, ಪುಡಿ ಮಾಡುವವನು ನಾನು, ಬಿಲ್ ಹಾಕುವವಳು ನನ್ನ ಹೆಂಡತಿ.

ಏಪ್ರಿಲ್ ಇನ್‌ವಾಯ್ಸ್, ಅಕ್ಟೋಬರ್ 1ರ ಬ್ಯಾಂಕ್ ಮೆಸೇಜ್, 3ನೇ ತಾರೀಕಿನ ಬ್ಯಾನರ್‌ನ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. ಫೋನ್ ಮಾಡುವುದಾದರೆ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಮಾಡಿ. ಉಳಿದ ಹೊತ್ತು ಗ್ರೈಂಡರ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

ಇಂತಿ,
ಮಂಜುನಾಥ
ಕಾಫಿಪುಡಿ ಅಂಗಡಿ, ಹಾಸನ