ನಮ್ಮ ಮನೆಗೂ ಒಂದು ಬೈಕ್ ಬಂತು

ಬಂತು! ನಮ್ಮ ಮನೆಯ ಮೊದಲ ಗಾಡಿ. ಕಪ್ಪು ಸ್ಪ್ಲೆಂಡರ್, ಕೆಎ 12 ನಂಬರ್. ದೊಡ್ಡ ಗಾಡಿ ಏನಲ್ಲ, ಆದರೆ ನನಗೆ ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ.

ಶೋರೂಮಿನಿಂದ ಸೀದಾ ಓಂಕಾರೇಶ್ವರ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿದೆವು. ಹ್ಯಾಂಡಲ್‌ಗೆ ಚೆಂಡುಹೂವಿನ ಹಾರ, ಹೆಡ್‌ಲೈಟ್ ಮೇಲೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಮೇಕೇರಿ ದಾಟಿ ಮೂರ್ನಾಡು ತಲುಪುವ ಹೊತ್ತಿಗೆ ಅರ್ಧ ಹೂವು ಉದುರಿತ್ತು. ಕುಂಕುಮ ಮಾತ್ರ ಹಾಗೇ ಇದೆ, ಫೋಟೋದಲ್ಲಿ ಜೂಮ್ ಮಾಡಿದರೆ ಕಾಣುತ್ತದೆ. ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ, ಮನಸ್ಸು ಬರ್ತಿಲ್ಲ.

ಪಕ್ಕದಲ್ಲಿ ನಿಂತಿರುವುದು ಅಮ್ಮ. ಆಗಷ್ಟೇ ತೋಟದ ಕೆಲಸದಿಂದ ಬಂದಿದ್ದರು. ತಲೆಗೆ ಕಟ್ಟಿದ ಬಟ್ಟೆ, ಸೀರೆ ಮೇಲೆ ಹಾಕಿದ ಹಳೇ ಶರ್ಟು, ಕಾಫಿ ಕುಯ್ದು ಕಪ್ಪಾದ ಬೆರಳು. "ಇರು, ಒಳ್ಳೆ ಸೀರೆ ಉಟ್ಟು ಬರ್ತೇನೆ" ಅಂದರು. ನಾನೇ ಬೇಡ ಅಂದೆ. ಡೌನ್ ಪೇಮೆಂಟಿಗೆ ನನ್ನ ಸಂಬಳದ ಉಳಿತಾಯ ಸಾಲದೆ ಬಂದಾಗ ಅವರು ಕಾಫಿ ಕುಯ್ದು ಕೂಡಿಟ್ಟ ದುಡ್ಡು ತಂದು ಕೈಗೆ ಕೊಟ್ಟವರು. ಈ ಫೋಟೋದಲ್ಲಿ ಅವರು ಹೀಗೇ ಇರಬೇಕು. ಹಿಂದೆ ಅಂಗಳದಲ್ಲಿ ಒಣಗುತ್ತಿರುವುದು ನಮ್ಮ ಹಿತ್ತಲಿನ ಕಾಫಿ.

ಗಾಡಿ ನೋಡಿ ಅಮ್ಮ ಕೇಳಿದ ಮೊದಲ ಮಾತು, "ಹೆಲ್ಮೆಟ್ ಎರಡು ತಗೊಂಡ್ಯಾ?" ತಗೊಂಡಿದ್ದೇನೆ. ಸೀರೆ ಗಾರ್ಡ್ ಕೂಡ ಇದೆ. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಹಿಂದಿನ ಹ್ಯಾಂಡಲ್ ಬಿಗಿಯಾಗಿ ಹಿಡಿದು ಬೇತ್ರಿ ಸೇತುವೆವರೆಗೆ ಬಂದರು. ಹೋಗುವಾಗ ಒಂದು ಮಾತೂ ಇಲ್ಲ. ಸೇತುವೆ ಹತ್ತಿರ ಇಳಿದು ಕಾವೇರಿಗೆ ಕೈ ಮುಗಿದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾತೇ ಮಾತು!

ಮಡಿಕೇರಿಯಲ್ಲಿ ಅಂಗಡಿ ಬಾಗಿಲು ಹಾಕಿ ಬಸ್ಸಿಗೆ ಓಡುವವರಿಗೆ ಗೊತ್ತು ಆ ಕಷ್ಟ, ಅದರಲ್ಲೂ ಜೂನ್, ಜುಲೈ ಮಳೆಯಲ್ಲಿ. ಇನ್ನು ಆ ಓಟ ಇಲ್ಲ. ಅಮ್ಮನಿಗೆ ಮಂಡಿ ನೋವು ಜಾಸ್ತಿ ಆದರೆ ಆಸ್ಪತ್ರೆಗೆ ಹೋಗಲು ಯಾರ ಜೀಪನ್ನೂ ಕಾಯಬೇಕಿಲ್ಲ. ನನಗೆ ಎಲ್ಲಕ್ಕಿಂತ ಖುಷಿ ಅದೇ.

ಶಾಲೆ ಮೈದಾನದಲ್ಲಿ ತನ್ನ ಗಾಡಿ ಕೊಟ್ಟು, ಕ್ಲಚ್ ಬಿಡೋದು ಹೇಗೆ ಅಂತ ತಾಳ್ಮೆಯಿಂದ ಕಲಿಸಿದ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್. ಲೋನ್ ಪೇಪರ್ ಓದಿ ಅರ್ಥ ಮಾಡಿಸಿದ ನಮ್ಮ ಅಂಗಡಿ ಅಕ್ಕನಿಗೂ. ಮುಂದಿನ ತಿಂಗಳಿಂದ ಕಂತು ಶುರು, ಕಟ್ಟೋಣ.

ಮೊದಲ ಸರ್ವಿಸ್ ಆಗುವವರೆಗೆ ನಿಧಾನವಾಗಿ ಓಡಿಸುತ್ತೇನೆ. ಆಮೇಲೆ ಅಮ್ಮನ ಜೊತೆ ಭಾಗಮಂಡಲ. ಸಂಜೆ ಮಡಿಕೇರಿಯಿಂದ ಮೂರ್ನಾಡು ಕಡೆ ಬರುವ ಗೆಳೆಯರು ಯಾರಾದರೂ ಇದ್ದರೆ ಒಂದು ಫೋನ್ ಮಾಡಿ. ಹಿಂದಿನ ಸೀಟು ಖಾಲಿ, ಹೆಲ್ಮೆಟ್ಟೂ ಇದೆ.