ನೀಲಿ ಚುಕ್ಕೆ

ಪೆನ್ನಿಗೆ ಇಂಕ್ ತುಂಬುವಾಗ ಬಾಟಲಿಯನ್ನು ಕುರ್ಚಿಯ ತುದಿಯಲ್ಲಿಡಬಾರದು ಅಂತ ಕಿಟ್ಟಿಗೆ ಗೊತ್ತಿತ್ತು. ಆದರೂ ಇಟ್ಟ. ಮೊಣಕೈ ತಾಗಿತು, ಬಾಟಲಿ ವಾಲಿತು, ಅದೇ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಅಪ್ಪನ ಬಿಳಿ ಶರ್ಟಿನ ತೋಳಿನ ಮೇಲೆ ಇಂಕ್ ಚೆಲ್ಲಿತು. ನಾಳೆಗೆಂದು ಅಪ್ಪ ತಾನೇ ಇಸ್ತ್ರಿ ಮಾಡಿಟ್ಟ ಶರ್ಟು.

ಕರ್ಚೀಫನ್ನು ಒದ್ದೆ ಮಾಡಿಕೊಂಡು ಗಸಗಸ ಉಜ್ಜಿದ. ನಾಣ್ಯದಷ್ಟಿದ್ದ ಕಲೆ ಅಂಗೈಯಷ್ಟಾಯಿತು. ಇನ್ನೂ ಉಜ್ಜಿದ. ಅಂಚಿನ ದಾರಗಳಲ್ಲೆಲ್ಲ ಸಣ್ಣ ಸಣ್ಣ ನೀಲಿ ಕಾಲುಗಳು ಮೂಡಿದವು, ಜೇಡದ ಹಾಗೆ. ಕೊನೆಗೆ ಶರ್ಟನ್ನು ಮುದ್ದೆ ಮಾಡಿ, ಮೈಲಿಗೆ ಬಟ್ಟೆಯ ಬುಟ್ಟಿಯ ತಳಕ್ಕೆ ತುರುಕಲು ಹೊರಟ. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಬೆನ್ನ ಹಿಂದೆ ಏನೋ ಅದು?"

ಕಿಟ್ಟಿ ಮಾತಾಡಲಿಲ್ಲ. ಬೆರಳೆಲ್ಲ ನೀಲಿಯಾಗಿದ್ದವು, ಮಾತಾಡುವ ಅಗತ್ಯವೂ ಇರಲಿಲ್ಲ.

"ಉಜ್ಜಿದ್ಯಾ? ಅಯ್ಯೋ ಮಂಕೇ! ಉಜ್ಜಿದ್ರೆ ಇಂಕು ದಾರದ ಒಳಗೇ ಇಳಿಯುತ್ತೆ ಕಣೋ. ಕೊಡು ಇಲ್ಲಿ."

ಅವಳು ತೋಳಿನೊಳಗೆ ಹಳೆಯ ಟವೆಲೊಂದನ್ನು ಮಡಚಿ ತೂರಿಸಿದಳು, ಕಲೆ ಆ ಬದಿಗೂ ದಾಟಬಾರದಲ್ಲ. ಮೇಲೆ ಇನ್ನೊಂದು ಬಟ್ಟೆ ಇಟ್ಟು, "ಒತ್ತು. ಬರೀ ಒತ್ತು" ಅಂದಳು. ಒತ್ತಿ ಎತ್ತಿದಾಗ ಬಟ್ಟೆಯಲ್ಲಿ ನೀಲಿ ಹೂವು ಮೂಡಿತ್ತು. ಒಣ ಜಾಗಕ್ಕೆ ಸರಿಸಿ ಮತ್ತೆ ಒತ್ತಿದ. ಎಂಟನೆಯ ಹೂವು ತೀರಾ ಮಸುಕಾಗಿತ್ತು.

ಆಮೇಲೆ ತೋಳನ್ನು ಒಳಮೈ ಹೊರಗೆ ಮಾಡಿ ನಲ್ಲಿಯ ಕೆಳಗೆ ಹಿಡಿಸಿದಳು. ಹಿಂದಿನಿಂದ ನೀರು ಬಿದ್ದರೆ ಇಂಕು ಬಂದ ದಾರಿಯಲ್ಲೇ ವಾಪಸು ಹೋಗುತ್ತದಂತೆ. ನಿಜವಾಗಿಯೂ ನೀಲಿ ನೀರು ಬಳಬಳ ಇಳಿಯಿತು. ನೋಡಲು ಚೆನ್ನಾಗಿತ್ತು, ಆದರೆ ಹಾಗೆ ಹೇಳುವ ಹೊತ್ತಲ್ಲ ಅಂತ ಕಿಟ್ಟಿ ಸುಮ್ಮನಿದ್ದ.

"ಬಿಸಿನೀರು ಹಾಕೋಣ್ವಾ? ಬೇಗ ಹೋಗುತ್ತೆ."

"ಬಿಸಿ ತಾಗಿದ್ರೆ ಕಲೆ ಅಲ್ಲೇ ಕೂತುಬಿಡುತ್ತೆ. ಪೂರ್ತಿ ಹೋಗೋ ತನಕ ಇಸ್ತ್ರಿಪೆಟ್ಟಿಗೆ ಮುಟ್ಟೋ ಹಾಗೂ ಇಲ್ಲ."

ಸೋಪಿನ ನೀರು ಹಚ್ಚಿ ಕಾದರು, ತೊಳೆದರು, ಮತ್ತೆ ಹಚ್ಚಿದರು. ಮೂರನೆಯ ಸಲಕ್ಕೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ನೀಲಿ ಉಳಿದಿತ್ತು.

ಅಷ್ಟರಲ್ಲಿ ಅಪ್ಪ ಬಂದರು. ಕಿಟ್ಟಿ ಒದ್ದೆ ಶರ್ಟು ಹಿಡಿದೇ ಎದುರು ನಿಂತ. "ನಾನೇ ಚೆಲ್ಲಿದ್ದು. ಇನ್ನೊಂದು ಸಲ ತೊಳೀಬೇಕು."

ಅಪ್ಪ ತೋಳನ್ನು ನೋಡಿದರು, ಕಿಟ್ಟಿಯ ಬೆರಳುಗಳನ್ನೂ ನೋಡಿದರು. ಆಮೇಲೆ ಸ್ವಲ್ಪ ಸಂಕೋಚದಿಂದ ತಮ್ಮ ಜೇಬಿನ ಮೇಲಿದ್ದ ಕೈ ತೆಗೆದರು. ಬಾಲ್‌ಪೆನ್ನು ಸೋರಿ ಜೇಬಿನ ಮೂಲೆ ಕಪ್ಪಾಗಿತ್ತು.

"ಇದು ನೀರಿಗೆ ಜಗ್ಗಲ್ಲ, ಎಣ್ಣೆಯಂಥ ಇಂಕು. ಸ್ಪಿರಿಟ್ ಬೇಕು" ಎನ್ನುತ್ತ ಅಕ್ಕ ಹತ್ತಿ ತರಲು ಹೋದಳು.

ಅವಳು ಬರುವಷ್ಟರಲ್ಲಿ ಅಪ್ಪ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಜೇಬಿನತ್ತ ಒಯ್ದರು.

"ಅಪ್ಪಾ, ಉಜ್ಜಬೇಡಿ!" ಕಿಟ್ಟಿ ಕೂಗಿದ.